ಎರಡು ಜಾಹೀರಾತಿನಲ್ಲಿ ಗೆದ್ದದ್ದು ಯಾವುದು ಅಂತ ಯಾವಾಗ ನಂಬಬಹುದು?

ಪ್ರಶ್ನೆ: ನಮ್ಮ ಮನೆಯ ಚಟ್ನಿಪುಡಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಜಾಹೀರಾತು ಹಾಕಿದ್ದೆ. ಎರಡೂ ತಲಾ 1,500 ಜನಕ್ಕೆ ಹೋಗಿವೆ. ಒಂದಕ್ಕೆ 31 ಜನ ಕ್ಲಿಕ್ ಮಾಡಿದ್ದಾರೆ, ಇನ್ನೊಂದಕ್ಕೆ 19. ಉಳಿದ ದುಡ್ಡೆಲ್ಲ ಮೊದಲನೆಯದಕ್ಕೇ ಹಾಕಬಹುದಾ?

ಉತ್ತರ: ಈಗಲೇ ಹಾಕಬೇಡಿ. ಇಷ್ಟು ಅಂತರ ಸುಮ್ನೆ ಅದೃಷ್ಟದಿಂದಲೂ ಬರುತ್ತದೆ.

ಒಂದು ನಾಣ್ಯವನ್ನು 50 ಸಲ ಚಿಮ್ಮಿದಿರಿ ಅಂದುಕೊಳ್ಳಿ. ನಿಮಗೆ ಬಂದಿರುವುದು ಒಟ್ಟು 50 ಕ್ಲಿಕ್ ಅಲ್ವಾ, ಅದಕ್ಕೇ 50. ನಾಣ್ಯದಲ್ಲಿ ಯಾವ ದೋಷವೂ ಇಲ್ಲ. ಆದರೂ 31–19 ಅಥವಾ ಅದಕ್ಕಿಂತ ಜಾಸ್ತಿ ಒಂದು ಕಡೆ ವಾಲುವುದು ಸುಮಾರು ಎಂಟು ಸಲಕ್ಕೆ ಒಂದು ಸಲ ಆಗುತ್ತದೆ. ನಿಮ್ಮ ಎರಡು ಜಾಹೀರಾತು ನಿಜವಾಗಿ ಸಮಸಮ ಇದ್ದರೂ ಇಂಥದೇ ಫಲಿತಾಂಶ ಕಾಣುವ ಸಾಧ್ಯತೆ ಅಷ್ಟಿದೆ. ಪ್ರತಿಶತದಲ್ಲಿ ನೋಡಿದಾಗ ನಾವು ಇನ್ನೂ ಮೋಸ ಹೋಗುತ್ತೇವೆ. ‘60 ಪರ್ಸೆಂಟ್ ಜಾಸ್ತಿ’ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಅದರ ಹಿಂದೆ ಇರುವುದು ಹನ್ನೆರಡು ಜನ.

ಕೈಲೆಕ್ಕದಲ್ಲೇ ನೋಡಲು ನಾನು ಬಳಸುವ ಒಂದು ವಿಧಾನ ಇದೆ. ಎರಡೂ ಕಡೆಯ ಕ್ಲಿಕ್ ಕೂಡಿಸಿ, ಅದರ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಅದೇ ನಮ್ಮ ಗೆರೆ. ಎರಡರ ನಡುವಿನ ಅಂತರ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ನಿಮ್ಮದರಲ್ಲಿ ಒಟ್ಟು 50, ವರ್ಗಮೂಲ ಸುಮಾರು 7, ಎರಡರಿಂದ ಗುಣಿಸಿದರೆ 14. ನಿಮ್ಮ ಅಂತರ 12. ದಾಟಲಿಲ್ಲ. ಎರಡೂ ಜಾಹೀರಾತು ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಜನಕ್ಕೆ ಹೋಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ನಾಲ್ಕು ಆರ್ಡರ್, ಏಳು ಆರ್ಡರ್ ಥರದ ಪುಟ್ಟ ಸಂಖ್ಯೆಗೆ ಇದನ್ನು ನೆಚ್ಚಬೇಡಿ.

ಆದರೆ ಈ ಗೆರೆ ದಾಟಿತು ಅಂದಮಾತ್ರಕ್ಕೆ ನಂಬುವ ಹಾಗೂ ಇಲ್ಲ. ನಾನು ಪೆಟ್ಟು ತಿಂದದ್ದು ಇಲ್ಲೇ. ನಮ್ಮ ಅತ್ತಿಗೆ ಹೋಳಿಗೆ ಮಾಡಿ ಮಾರುತ್ತಾರೆ. ಯುಗಾದಿಗೆ ಮುಂಚೆ ಅವರಿಗೆ ಎರಡು ಜಾಹೀರಾತು ಹಾಕಿಕೊಟ್ಟೆ. ಒಂದರಲ್ಲಿ ತುಪ್ಪ ಸುರಿದ ಬಿಸಿ ಹೋಳಿಗೆ, ಇನ್ನೊಂದರಲ್ಲಿ ಪ್ಯಾಕ್ ಮಾಡಿದ ಡಬ್ಬಿ. ದಿನಾ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ನೋಡುತ್ತಿದ್ದೆ. ಮೂರನೇ ರಾತ್ರಿ ತುಪ್ಪದ ಫೋಟೋಗೆ 24, ಡಬ್ಬಿಗೆ 9. ಒಟ್ಟು 33, ಗೆರೆ ಹನ್ನೊಂದೂವರೆ, ಅಂತರ 15. ಗೆದ್ದಿತು ಅಂತ ಡಬ್ಬಿಯದನ್ನು ನಿಲ್ಲಿಸಿ ಹಬ್ಬದ ದುಡ್ಡೆಲ್ಲ ತುಪ್ಪದ ಫೋಟೋಗೆ ಹಾಕಿಸಿದೆ. ಮೂರು ದಿನ ಕಂಡಿದ್ದ ಆ ಓಟ ಆಮೇಲೆ ಕಾಣಲೇ ಇಲ್ಲ. ಗಣೇಶನ ಹಬ್ಬಕ್ಕೆ ಅವೇ ಎರಡನ್ನು ಮತ್ತೆ ಹಾಕಿ, ಪೂರ್ತಿ ಎರಡು ವಾರ ಮುಟ್ಟದೆ ಬಿಟ್ಟೆ. ಕೊನೆಗೆ 112 ಮತ್ತು 104. ಗೆರೆ 29, ಅಂತರ ಬರೀ 8. ಅಂದರೆ ವ್ಯತ್ಯಾಸವೇ ಕಾಣಲಿಲ್ಲ.

ಯುಗಾದಿಯಲ್ಲಿ ನಾನು ಮಾಡಿದ ತಪ್ಪು ಪದೇ ಪದೇ ಇಣುಕಿ ನೋಡಿ, ಗೆರೆ ದಾಟಿದ ಕ್ಷಣಕ್ಕೆ ನಿಲ್ಲಿಸಿದ್ದು. ಆ ಲೆಕ್ಕ ಕೊನೆಯಲ್ಲಿ ಒಂದೇ ಸಲ ನೋಡುವವರಿಗೆ ಮಾಡಿದ್ದು. ಸಮಸಮ ಇರುವ ಎರಡು ಜಾಹೀರಾತನ್ನು ಒಂದೇ ಸಲ ನೋಡಿದರೆ ‘ಗೆದ್ದಿತು’ ಅನ್ನುವ ಸುಳ್ಳು 100ಕ್ಕೆ 5 ಸಲ ಕಾಣುತ್ತದೆ. ನಡುನಡುವೆ ಐದು ಸಲ ನೋಡಿ, ದಾಟಿದ ತಕ್ಷಣ ನಿಲ್ಲಿಸುತ್ತೀನಿ ಅಂದರೆ ಅದು ಸುಮಾರು 14 ಆಗುತ್ತದೆ. ಹತ್ತು ಸಲ ನೋಡಿದರೆ 19. ಸಮಸಮ ಇರುವ ಎರಡು ಜಾಹೀರಾತಿನ ಸಂಖ್ಯೆಗಳು ಹಿಂದೆಮುಂದೆ ಆಡುತ್ತಲೇ ಇರುತ್ತವೆ, ಎಂದಾದರೂ ಒಂದು ದಿನ ದೂರ ಹೋಗಿಯೇ ಹೋಗುತ್ತವೆ. ಆ ದಿನವನ್ನೇ ನಾವು ಹಿಡಿದು ನಿಲ್ಲಿಸಿಬಿಡುತ್ತೇವೆ.

ಹಾಗಾಗಿ ಎಷ್ಟು ಜನಕ್ಕೆ ತೋರಿಸಿ ನಿಲ್ಲಿಸುತ್ತೀನಿ ಅನ್ನುವುದನ್ನು ಶುರು ಮಾಡುವ ಮುಂಚೆಯೇ ಬರೆದಿಡಿ. ಅದು ನೀವು ಎಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕು ಅನ್ನುವುದರ ಮೇಲೆ ನಿಂತಿದೆ. ನಿಮಗೆ ಸಾಮಾನ್ಯವಾಗಿ 100ಕ್ಕೆ ಒಂದೂವರೆ ಜನ ಕ್ಲಿಕ್ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಹೊಸ ಜಾಹೀರಾತು ಅದನ್ನು 3ಕ್ಕೆ, ಅಂದರೆ ದುಪ್ಪಟ್ಟಿಗೆ ಏರಿಸುತ್ತದಾ ಅಂತ ತಿಳಿಯಲು ಒಂದೊಂದಕ್ಕೆ ಸುಮಾರು 1,600 ಜನ ಬೇಕು. 2.3ಕ್ಕೆ ಏರಿಸುತ್ತದಾ ಅಂತಾದರೆ 5,000 ಹತ್ತಿರ. ಬರೀ 2ಕ್ಕೆ ಅಂದರೆ 11,000. ವ್ಯತ್ಯಾಸ ಅರ್ಧಕ್ಕೆ ಇಳಿದರೆ ಬೇಕಾಗುವ ಜನ ಸುಮಾರು ನಾಲ್ಕು ಪಟ್ಟು ಏರುತ್ತಾರೆ. ಇಷ್ಟು ಜನಕ್ಕೆ ತೋರಿಸಿದರೂ ನಿಜವಾದ ವ್ಯತ್ಯಾಸ ಐದು ಸಲಕ್ಕೆ ಒಂದು ಸಲ ತಪ್ಪಿಸಿಕೊಳ್ಳುತ್ತದೆ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ನೀವು ತೋರಿಸಿರುವುದು 1,500 ಜನಕ್ಕೆ. ಅಷ್ಟರಲ್ಲಿ ದುಪ್ಪಟ್ಟು ವ್ಯತ್ಯಾಸವನ್ನು ಬಿಟ್ಟರೆ ಬೇರೇನೂ ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಈ ಎರಡು ಜಾಹೀರಾತನ್ನು ನೀವು ಹೇಗೆ ಓಡಿಸಿದಿರಿ? ಒಂದೇ ಆ್ಯಡ್ ಸೆಟ್, ಅಂದರೆ ಒಂದೇ ಬಜೆಟ್ ಹಂಚಿಕೊಳ್ಳುವ ಜಾಹೀರಾತುಗಳ ಗುಂಪಿನ ಒಳಗೆ ಎರಡನ್ನೂ ಹಾಕಿದರೆ ಅದು ಪರೀಕ್ಷೆ ಆಗುವುದಿಲ್ಲ. ಅಲ್ಲಿ ಯಾವುದನ್ನು ಯಾರಿಗೆ ಎಷ್ಟು ತೋರಿಸಬೇಕು ಅಂತ ಇನ್‌ಸ್ಟಾಗ್ರಾಮ್ ನಡೆಸುವ ಮೆಟಾದ ವ್ಯವಸ್ಥೆಯೇ ತೀರ್ಮಾನಿಸುತ್ತದೆ. ಮೊದಲ ಕೆಲವು ಗಂಟೆಯಲ್ಲಿ ಚೆನ್ನಾಗಿ ಕಂಡದ್ದಕ್ಕೆ ಹೆಚ್ಚು ದುಡ್ಡು ಸುರಿಯುತ್ತದೆ, ಇನ್ನೊಂದು ಹಾಗೇ ಸೊರಗುತ್ತದೆ. ಮೆಟಾದಲ್ಲಿ ಜಾಹೀರಾತು ನಡೆಸುವ Ads Manager ಒಳಗೆ A/B test ಅಂತಲೇ ಬೇರೆ ಇದೆ. ಅದು ಜನರನ್ನು ಎರಡು ಗುಂಪು ಮಾಡುತ್ತದೆ, ಒಂದು ಗುಂಪಿನವರಿಗೆ ಇನ್ನೊಂದು ಜಾಹೀರಾತು ಕಾಣದಂತೆ ನೋಡಿಕೊಳ್ಳುತ್ತದೆ. ಅದನ್ನೇ ಬಳಸಿ. ಅದರಲ್ಲೂ ಒಂದು ಮಿತಿ ಇದೆ. ತನ್ನ ಗುಂಪಿನೊಳಗೆ ಯಾರಿಗೆ ತೋರಿಸಬೇಕು ಅಂತ ವ್ಯವಸ್ಥೆ ಆರಿಸಿಕೊಳ್ಳುತ್ತಲೇ ಇರುತ್ತದೆ. ಒಂದು ಫೋಟೋ ಹೆಚ್ಚಾಗಿ ವಯಸ್ಸಾದವರಿಗೆ, ಇನ್ನೊಂದು ಹುಡುಗರಿಗೆ ಹೋಗಿರಬಹುದು. ವಯಸ್ಸಿನ ಪ್ರಕಾರ ಒಡೆದು ನೋಡಿದರೆ ಇದು ಗೊತ್ತಾಗುತ್ತದೆ. ಆಗ ‘ಈ ಫೋಟೋ ಜನಕ್ಕೆ ಜಾಸ್ತಿ ಹಿಡಿಸಿತು’ ಅನ್ನಲು ಬರುವುದಿಲ್ಲ. ‘ಈ ಫೋಟೋ ಹಾಕಿದರೆ ಇಲ್ಲಿ ಜಾಸ್ತಿ ಕ್ಲಿಕ್ ಬರುತ್ತದೆ’ ಅಂತ ಮಾತ್ರ ಹೇಳಬಹುದು. ವ್ಯಾಪಾರಕ್ಕೆ ಅಷ್ಟೇ ಸಾಕು. ಆದರೆ ಅದೇ ಫೋಟೋವನ್ನು ಅಂಗಡಿಯ ಫ್ಲೆಕ್ಸ್‌ಗೆ ಹಾಕಿಸುವಾಗ ಇದನ್ನು ನೆಚ್ಚಬೇಡಿ.

ಎಣಿಸುವಾಗ ಎಷ್ಟು ಸಲ ಕಂಡಿತು ಅನ್ನುವುದನ್ನಲ್ಲ, ಎಷ್ಟು ಜನಕ್ಕೆ ಕಂಡಿತು ಅನ್ನುವುದನ್ನು ತಗೊಳ್ಳಿ. ಒಬ್ಬರೇ ಮೂರು ಸಲ ಒತ್ತಿದರೆ ಅದು ಮೂರು ಜನ ಅಲ್ಲ. Reach ಮತ್ತು Unique link clicks ಕಾಲಮ್ ನೋಡಿ. ಪೂರ್ತಿ ವಾರದ ಲೆಕ್ಕದಲ್ಲೇ ನಿಲ್ಲಿಸಿ, 7 ದಿನ ಇಲ್ಲಾ 14 ದಿನ. ಭಾನುವಾರ ಫೋನ್ ಹಿಡಿಯುವವರೂ ಮಂಗಳವಾರ ಹಿಡಿಯುವವರೂ ಒಂದೇ ಥರ ಇರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ 31–19ನ್ನು ಬರೀ ಒಂದು ಸುಳಿವು ಅಂತ ಬರೆದಿಡುತ್ತೇನೆ. ಅದಕ್ಕೇ ಇನ್ನಷ್ಟು ಜನರನ್ನು ಸೇರಿಸುತ್ತಾ ಹೋದರೆ ಮತ್ತೆ ಇಣುಕಿ ನೋಡಿದ ಹಾಗೇ ಆಗುತ್ತದೆ. ಸೊನ್ನೆಯಿಂದ ಹೊಸ ಪರೀಕ್ಷೆ ಶುರು ಮಾಡುತ್ತೇನೆ. ಒಂದೊಂದಕ್ಕೆ 5,000 ಜನ, ಎರಡು ವಾರ, ಕೊನೆಯಲ್ಲಿ ಒಂದೇ ಸಲ ಲೆಕ್ಕ. ನಡುವೆ ನೋಡುವುದು ಎರಡೂ ಓಡುತ್ತಿವೆಯಾ, ಲಿಂಕ್ ತೆರೆಯುತ್ತಿದೆಯಾ ಅಂತ ಮಾತ್ರ. ಆಗ 115 ಮತ್ತು 75 ಬಂತು ಅನ್ನಿ. ಒಟ್ಟು 190, ಗೆರೆ 28ರ ಒಳಗೆ, ಅಂತರ 40. ಅಷ್ಟಾದರೆ ಧೈರ್ಯವಾಗಿ ದುಡ್ಡು ಹಾಕಿ. ಹಾಕುವ ಮುಂಚೆ ಎರಡೂ ಕಡೆಯಿಂದ ಬಂದ ಆರ್ಡರ್ ಒಮ್ಮೆ ಎಣಿಸಿ. ಕ್ಲಿಕ್ ಜಾಸ್ತಿ ಇದ್ದೂ ಆರ್ಡರ್ ಕಡಿಮೆ ಕಂಡರೆ, ಫೋಟೋ ನೋಡಿ ಜನ ಬೇರೇನೋ ಅಂದುಕೊಂಡು ಒಳಗೆ ಬರುತ್ತಿರಬಹುದು.

ಗೆರೆ ದಾಟದಿದ್ದರೆ ನಿಮಗೆ ಮಾಡಲು ಸುಲಭವಾದದ್ದನ್ನೇ ಇಟ್ಟುಕೊಳ್ಳಿ. ಮುಂದಿನ ಸಲ ಅಕ್ಷರದ ಬಣ್ಣ ಬದಲಿಸುವುದು ಬಿಟ್ಟು, ಪುಡಿಯ ಡಬ್ಬಿಗೆ ಎದುರಾಗಿ ಬಿಸಿ ದೋಸೆಯ ಮೇಲೆ ಪುಡಿ ಉದುರಿಸುವ ವಿಡಿಯೋ ಹಾಕಿ ನೋಡಿ. ನಮ್ಮ ಬಜೆಟ್‌ನಲ್ಲಿ ಅಳೆಯಲು ಆಗುವುದು ಅಷ್ಟು ದೊಡ್ಡ ವ್ಯತ್ಯಾಸವನ್ನೇ.