ಸಭೆ ಮುಗಿದ ರಾತ್ರಿಯ ಸಂದೇಶ: ಯಾರು, ಏನು, ಯಾವ ದಿನದೊಳಗೆ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಊರಿನ ಅಡಿಕೆ ಬೆಳೆಗಾರರ ಗುಂಪಿನ ಕಾರ್ಯದರ್ಶಿ. ಪ್ರತಿ ಸಭೆಯ ನಂತರ ವಾಟ್ಸಾಪ್ ಗುಂಪಿಗೆ ಸಾರಾಂಶ ಹಾಕುತ್ತೇನೆ. ಆದರೂ ಮುಂದಿನ ಸಭೆಯಲ್ಲಿ ‘ಅದು ನನ್ನ ಕೆಲಸ ಎಂದು ಗೊತ್ತಿರಲಿಲ್ಲ’, ‘ಹಾಗೆ ತೀರ್ಮಾನ ಆಗಿರಲಿಲ್ಲ’ ಎಂಬ ಮಾತುಗಳೇ ಬರುತ್ತವೆ. ಈ ಸಲ ನಾನು ಬರೆದದ್ದು ಹೀಗಿದೆ: ‘ಬೋರ್ಡೋ ಸಿಂಪಡಣೆ ಕುರಿತು ಚರ್ಚಿಸಲಾಯಿತು. ಮೈಲುತುತ್ತವನ್ನು ಒಟ್ಟಾಗಿ ತರಿಸಲು ತೀರ್ಮಾನಿಸಲಾಯಿತು. ಕೊನೆಗೌಡರನ್ನು ಸಂಪರ್ಕಿಸಲಾಗುವುದು. ಮುಂದಿನ ಸಭೆ ಶೀಘ್ರದಲ್ಲೇ.’ ಇದರಲ್ಲಿ ಏನು ತಪ್ಪಿದೆ?

ಉತ್ತರ: ನಿಮ್ಮ ಸಂದೇಶದಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅದನ್ನು ಓದಿದ ಸದಸ್ಯರಿಗೆ ಮರುದಿನ ಬೆಳಿಗ್ಗೆ ತಾವು ಏನು ಮಾಡಬೇಕೆಂಬುದು ಅದರಿಂದ ತಿಳಿಯುವುದಿಲ್ಲ. ಮೈಲುತುತ್ತ ತರುವವರು ಯಾರು, ಹಣವನ್ನು ಯಾರ ಕೈಗೆ ಕೊಡಬೇಕು, ಮರ ಹತ್ತಿ ಸಿಂಪಡಿಸುವ ಕೊನೆಗೌಡರ ಜೊತೆ ಮಾತನಾಡುವವರು ಯಾರು ಎಂಬ ಮೂರೂ ಪ್ರಶ್ನೆಗಳು ಸಭೆಗೆ ಮೊದಲು ಎಲ್ಲಿದ್ದವೋ ಅಲ್ಲಿಯೇ ಉಳಿದಿವೆ. ಅದೇ ಸಭೆಯ ಸಂದೇಶವನ್ನು ನಾನು ಬರೆದರೆ ಅದು ಹೀಗಿರುತ್ತದೆ. ಇದರಲ್ಲಿನ ಹೆಸರು, ದಿನಾಂಕಗಳು ಉದಾಹರಣೆಗೆ ಮಾತ್ರ.

> ಭಾನುವಾರ, 10 ಮೇ 2026ರ ಸಭೆ
>
> ತೀರ್ಮಾನ 1: ಮೈಲುತುತ್ತ ಮತ್ತು ಸುಣ್ಣವನ್ನು ಗುಂಪಿನಿಂದ ಒಟ್ಟಾಗಿ ಖರೀದಿಸುವುದು. ಪ್ರತಿ ಮನೆಯವರು ತಮಗೆ ಬೇಕಾದ ಕಿಲೋ ಲೆಕ್ಕವನ್ನೂ ಮುಂಗಡ ಹಣವನ್ನೂ ಶುಕ್ರವಾರ 15ರ ಸಂಜೆಯೊಳಗೆ ಸವಿತಾ ಅವರಿಗೆ ಕೊಡಬೇಕು. ಖರೀದಿಸಿ ತಂದು ಹಂಚುವ ಹೊಣೆ ಸುಬ್ರಾಯ ಅವರದು, ಬುಧವಾರ 20ರೊಳಗೆ.
>
> ತೀರ್ಮಾನ 2: ಮೊದಲ ಸಿಂಪಡಣೆಯನ್ನು ಮಳೆ ಹಿಡಿಯುವ ಮೊದಲು ಮುಗಿಸುವುದು. ಕೊನೆಗೌಡರೊಂದಿಗೆ ಮಾತನಾಡಿ, ಯಾವ ತೋಟಕ್ಕೆ ಯಾವ ದಿನ ಎಂಬ ಸರದಿ ಪಟ್ಟಿಯನ್ನು ಗಜಾನನ ಅವರು ಶನಿವಾರ 23ರೊಳಗೆ ಗುಂಪಿಗೆ ಹಾಕುತ್ತಾರೆ.
>
> ತೀರ್ಮಾನವಾಗದೆ ಉಳಿದದ್ದು: ಫೈಬರ್ ದೋಟಿ ಖರೀದಿ. ದರ ವಿಚಾರಿಸಿ ಮುಂದಿನ ಸಭೆಯಲ್ಲಿ ಹೇಳುವವರು ಸವಿತಾ.
>
> ಮುಂದಿನ ಸಭೆ: ಭಾನುವಾರ, 24 ಮೇ 2026, ಸಂಜೆ 4 ಗಂಟೆ, ಹಾಲಿನ ಡೈರಿ ಕಟ್ಟಡ.
>
> ತಿದ್ದುಪಡಿ ಇದ್ದರೆ ಸೋಮವಾರ 11ರ ರಾತ್ರಿ 8 ಗಂಟೆಯೊಳಗೆ ಇಲ್ಲಿಯೇ ತಿಳಿಸಿ.

ಇಲ್ಲಿ ಚರ್ಚೆಯ ವಿವರ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಯಾರು ಯಾರಿಗೆ ಏನು ಹೇಳಿದರು, ಯಾರು ಮೊದಲು ಒಪ್ಪಲಿಲ್ಲ ಎಂಬುದು ಈ ಸಂದೇಶಕ್ಕೆ ಬೇಡ. ಅದನ್ನು ಸೇರಿಸಿದರೆ ಸಭೆಯಲ್ಲಿ ಮುಗಿದ ವಾದ ವಾಟ್ಸಾಪಿನಲ್ಲಿ ಮತ್ತೆ ಆರಂಭವಾಗುತ್ತದೆ. ನಿಮ್ಮದು ನೋಂದಾಯಿತ ಸಂಘವಾಗಿದ್ದರೆ ನಡಾವಳಿ ಪುಸ್ತಕವನ್ನು ಎಂದಿನಂತೆ ಬರೆದು ಸಹಿ ಪಡೆಯಲೇಬೇಕು, ಈ ಸಂದೇಶ ಅದಕ್ಕೆ ಬದಲಿಯಾಗುವುದಿಲ್ಲ. ಆದರೆ ಎರಡರಲ್ಲಿಯೂ ಮೊತ್ತ ಮತ್ತು ದಿನಾಂಕ ಒಂದೇ ಇರಲಿ.

ಹೊಣೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದು ಕೆಲಸಕ್ಕೆ ಒಂದೇ ಹೆಸರು ಇರಬೇಕು. ‘ಸುಬ್ರಾಯ ಮತ್ತು ಗಜಾನನ ಸೇರಿ ತರುತ್ತಾರೆ’ ಎಂದು ಬರೆದರೆ ಇಬ್ಬರೂ ಇನ್ನೊಬ್ಬರ ಫೋನಿಗಾಗಿ ಕಾಯುತ್ತಾರೆ, ಬುಧವಾರ ಕಳೆದ ಮೇಲೆ ಯಾರನ್ನು ಕೇಳಬೇಕೆಂಬುದು ನಿಮಗೂ ತಿಳಿಯುವುದಿಲ್ಲ. ನೆರವಿಗೆ ಮತ್ತೊಬ್ಬರು ಬೇಕಾದರೆ ‘ಹೊಣೆ ಸುಬ್ರಾಯ ಅವರದು, ಗಾಡಿಗೆ ಗಜಾನನ ಜೊತೆಯಾಗುತ್ತಾರೆ’ ಎಂದು ಬಿಡಿಸಿ ಬರೆಯಿರಿ. ‘ಸಮಿತಿಯವರು’ ಅಥವಾ ‘ಯುವಕರು’ ಎಂದು ಬರೆದರೆ ಯಾರ ಹೆಸರನ್ನೂ ಬರೆಯದಂತೆಯೇ ಆಗುತ್ತದೆ.

ಹೆಸರು ಹಾಕುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಸಭೆಯಲ್ಲಿಯೇ ಕೇಳಿಬರಬೇಕು. ನಮ್ಮ ಕಡೆಯ ಸಭೆಗಳಲ್ಲಿ ಬಾರದವರ ತಲೆಯ ಮೇಲೆ ಕೆಲಸ ಹಾಕುವ ರೂಢಿ ಇದೆ, ‘ಅದು ನನ್ನ ಕೆಲಸ ಎಂದು ಗೊತ್ತಿರಲಿಲ್ಲ’ ಎಂಬ ಮಾತು ಬಹುಪಾಲು ಹುಟ್ಟುವುದು ಅಲ್ಲಿಂದಲೇ. ಗೈರುಹಾಜರಾದವರೇ ಆ ಕೆಲಸಕ್ಕೆ ತಕ್ಕವರು ಎಂದು ಸಭೆಗೆ ಅನ್ನಿಸಿದರೆ, ಹಾಜರಿದ್ದ ಒಬ್ಬರನ್ನು ಗುರುತಿಸಿ ‘ಮಂಜುನಾಥ ಅವರನ್ನು ಸವಿತಾ ಅವರು ಮಂಗಳವಾರ 12ರೊಳಗೆ ಕೇಳಿ ಗುಂಪಿಗೆ ತಿಳಿಸುತ್ತಾರೆ’ ಎಂದು ಬರೆಯಿರಿ. ಅವರು ಒಪ್ಪುವವರೆಗೆ ಹೊಣೆ ಕೇಳುವವರದೇ ಆಗಿರುತ್ತದೆ.

ತೀರ್ಮಾನವಾಗದ ವಿಷಯವನ್ನು ಅನೇಕರು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ. ದೋಟಿಯ ಬಗ್ಗೆ ಬಹಳ ಹೊತ್ತು ಮಾತು ನಡೆದಿದ್ದರೆ, ಕೊಳ್ಳುವುದೆಂದು ಆಯಿತು ಎಂದು ಅರ್ಧ ಜನ, ಬೇಡವೆಂದು ಆಯಿತು ಎಂದು ಉಳಿದವರು ಭಾವಿಸಿ ಮನೆಗೆ ಹೋಗಿರುತ್ತಾರೆ. ಉಳಿದ ವಿಷಯವನ್ನು ಉಳಿದದ್ದೆಂದೇ ಬರೆದು, ಮುಂದಿನ ಮಾಹಿತಿ ತರುವವರ ಹೆಸರನ್ನು ಪಕ್ಕದಲ್ಲಿ ಹಾಕಿದರೆ ‘ಹಾಗೆ ತೀರ್ಮಾನ ಆಗಿರಲಿಲ್ಲ’ ಎಂಬ ತಕರಾರಿಗೆ ಎಡೆ ಇರುವುದಿಲ್ಲ.

ಮುಂದಿನ ಸಭೆಯ ದಿನವನ್ನು ಎಲ್ಲರಿಗೂ ಬಿಡುವಿರುವ ದಿನ ಯಾವುದೆಂದು ಹುಡುಕಿ ಇಡುವುದಕ್ಕಿಂತ, ಕೆಲಸದಿಂದ ಹಿಂದಕ್ಕೆ ಎಣಿಸಿ ಇಡುವುದು ಮೇಲು. ಕೊಳೆ ರೋಗ ತಡೆಯುವ ಮೊದಲ ಸಿಂಪಡಣೆ ಮುಂಗಾರಿಗೆ ಮೊದಲು ಆಗಬೇಕು, ಮುಂಗಾರು ನಮ್ಮಲ್ಲಿಗೆ ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕಾಗುವುದರಿಂದ, ಸರಕು ಕೈಗೆ ಬಾರದೆ ಕೊನೆಗೌಡರು ಬಂದರೂ ಪ್ರಯೋಜನವಿಲ್ಲ. ಸಭೆಯನ್ನು 31ಕ್ಕೆ ಇಟ್ಟರೆ, ಸುಬ್ರಾಯ ಅವರಿಗೆ ಸರಕು ಸಿಗಲಿಲ್ಲ ಎಂಬುದು ಮಳೆಯ ಹೊಸ್ತಿಲಲ್ಲಿ ಗೊತ್ತಾಗುತ್ತದೆ. 24ಕ್ಕೆ ಇಟ್ಟರೆ ಬೇರೆ ಅಂಗಡಿ ಹುಡುಕಲು ಒಂದು ವಾರದ ಅವಕಾಶ ಉಳಿಯುತ್ತದೆ. ಇದೇ ಕಾರಣಕ್ಕೆ ಕೆಲಸಗಳ ಗಡುವುಗಳೆಲ್ಲ ಸಭೆಗಿಂತ ಮೊದಲೇ ಬೀಳುವಂತೆ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಮದುವೆ, ಉಪನಯನಗಳು ಹೆಚ್ಚಾದ್ದರಿಂದ ಜನ ಸಭೆಯಿಂದ ಏಳುವ ಮೊದಲೇ, ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ದಿನವನ್ನು ಒಪ್ಪಿಸಿಕೊಳ್ಳಿ. ಬರೆಯುವಾಗ ‘ಮುಂದಿನ ಭಾನುವಾರ’ ಎನ್ನಬೇಡಿ. ಅದನ್ನು 17 ಎಂದು ಕೆಲವರು, 24 ಎಂದು ಕೆಲವರು ಓದುತ್ತಾರೆ. ವಾರ ಮತ್ತು ದಿನಾಂಕ ಎರಡೂ ಇದ್ದರೆ ಒಂದರ ತಪ್ಪನ್ನು ಇನ್ನೊಂದು ತೋರಿಸಿಕೊಡುತ್ತದೆ.

ಕಳುಹಿಸುವುದು ಅದೇ ರಾತ್ರಿ ಆಗಲಿ, ಎರಡು ದಿನ ಕಳೆದರೆ ಪ್ರತಿಯೊಬ್ಬರ ನೆನಪೂ ಬೇರೆಯಾಗಿರುತ್ತದೆ. ಪುಸ್ತಕದ ಪುಟದ ಫೋಟೋ ಬದಲು ಅಕ್ಷರಗಳನ್ನೇ ಟೈಪ್ ಮಾಡಿ ಹಾಕಿ. ನೆಟ್‌ವರ್ಕ್ ತೀರ ದುರ್ಬಲವಾದ ಊರುಗಳಲ್ಲಿ ಫೋಟೋ ತೆರೆಯುವುದಿಲ್ಲ, ಅಕ್ಷರ ಬರುತ್ತದೆ, ಆಮೇಲೆ ಹೆಸರಿನಿಂದ ಹುಡುಕಿದರೂ ಸಿಗುತ್ತದೆ. ಸಂದೇಶವನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡುವಾಗ 30 ದಿನಗಳ ಆಯ್ಕೆಯನ್ನು ಒತ್ತಿದರೆ ಮುಂದಿನ ಸಭೆಯವರೆಗೂ ಅದು ಕಣ್ಣೆದುರಿಗೆ ಇರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಅವರ ಪಾಲಿನ ಸಾಲನ್ನೂ ಸಭೆಯ ದಿನವನ್ನೂ ಫೋನಿನಲ್ಲಿ ಓದಿ ಹೇಳಲೇಬೇಕು.

ತಿದ್ದುಪಡಿ ಬಂದಾಗ ಹಳೆಯ ಸಂದೇಶವನ್ನು ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳುಹಿಸಿದ್ದನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶವಿದೆ. ಅದು ಕಳೆದ ಮೇಲೆ ‘ತಿದ್ದಿದ ಪ್ರತಿ’ ಎಂಬ ತಲೆಬರಹದೊಂದಿಗೆ ಪೂರ್ತಿ ಸಂದೇಶವನ್ನು ಮತ್ತೆ ಹಾಕಿ, ಬದಲಾದ ಸಾಲು ಯಾವುದೆಂದು ಮೊದಲೇ ಹೇಳಿ, ಪಿನ್ ಅನ್ನು ಹೊಸದಕ್ಕೆ ಬದಲಿಸಿ. ತೀರ್ಮಾನವನ್ನೇ ಬದಲಿಸಬೇಕೆಂದು ಯಾರಾದರೂ ಕೇಳಿದರೆ ಅದು ತಿದ್ದುಪಡಿಯಲ್ಲ, ಹೊಸ ವಿಷಯ. ‘24ರ ಸಭೆಗೆ ತೆಗೆದುಕೊಳ್ಳೋಣ’ ಎಂದು ಉತ್ತರಿಸಿ, ಅಂದಿನ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಿ. ಆ ಸಭೆಯನ್ನು ಇದೇ ಸಂದೇಶ ಓದುವುದರಿಂದ ಆರಂಭಿಸಿ, ಪ್ರತಿ ಸಾಲಿಗೂ ಹೆಸರಿದ್ದವರೇ ‘ಆಯಿತು’ ಅಥವಾ ‘ಆಗಲಿಲ್ಲ, ಕಾರಣ ಇದು’ ಎಂದು ಹೇಳಲಿ.