ಮೂವತ್ತು ನಿಮಿಷದ ಸಿಲಿಂಡರ್ ಮತ್ತು ವೈವಾದ ಮರುಪ್ರಶ್ನೆಗಳು

ಪ್ರಶ್ನೆ: ಪುಣೆಯಲ್ಲಿ ಸಿವಿಲ್ ಕೊನೆಯ ವರ್ಷದಲ್ಲಿದ್ದೇನೆ. ಕೊಳಚೆನೀರು ಶುದ್ಧೀಕರಣದ ಹಂತಗಳನ್ನು ಸ್ಕ್ರೀನ್‌ನಿಂದ ಕ್ಲೋರಿನ್‌ವರೆಗೆ ಹೇಳಿಬಿಡುತ್ತೇನೆ ಸರ್. ಆದರೆ ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಅಲ್ಲೇ ಇನ್ನೊಂದು ಪ್ರಶ್ನೆ ಹಾಕಿದರೆ ಬಾಯಿ ಕಟ್ಟುತ್ತದೆ. ಎಲ್ಲಿ ಹಿಡಿಯುತ್ತಾರೆ?

ಉತ್ತರ: ಮೊದಲ ಹಂತಗಳಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ಗ್ರಿಟ್ ಚೇಂಬರಿನಲ್ಲಿ ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ಆಸುಪಾಸು ಏಕೆ ಎಂದರೆ, ಮರಳು ಕೂರಬೇಕು, ಹಗುರವಾದ ಸಾವಯವ ಕಸ ಮುಂದೆ ಹೋಗಬೇಕು ಎಂದು ಹೇಳಿದರೆ ಸಾಕು. ಹಿಡಿಯುವುದು ಬ್ಯಾಕ್ಟೀರಿಯಾಕ್ಕೆ ಗಾಳಿ ಕೊಡುವ ಏರೇಶನ್ ಟ್ಯಾಂಕ್ ಮತ್ತು ಅದರ ನಂತರ ಕೆಸರು ಕೂರಿಸುವ ಕ್ಲಾರಿಫೈಯರಿನಲ್ಲಿ. ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಲೀಟರ್ ಸಿಲಿಂಡರಿನಲ್ಲಿ ಏರೇಶನ್ ಟ್ಯಾಂಕಿನ ನೀರು ತುಂಬಿ 30 ನಿಮಿಷ ಬಿಟ್ಟಿರಿ, ಕೆಸರು 600 ಮಿಲಿಲೀಟರ್ ಗೆರೆಗೆ ನಿಂತಿತು, ಏನು ಹೇಳುತ್ತೀರಿ?

ಇಲ್ಲಿ ಹಲವರು ‘ಬಲ್ಕಿಂಗ್’, ಅಂದರೆ ಕೆಸರು ಉಬ್ಬಿ ಸರಿಯಾಗಿ ಕೂರುತ್ತಿಲ್ಲ, ಎಂದುಬಿಡುತ್ತಾರೆ. ಅದೇ ಬಲೆ. ಎಂಎಲ್‌ಎಸ್‌ಎಸ್, ಅಂದರೆ ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿ ತೇಲುವ ಘನ ಕಣಗಳ ತೂಕ, ಎಷ್ಟು ಎಂದು ನೀವೇ ಮರಳಿ ಕೇಳಬೇಕು. SV30 ಎಂದರೆ 30 ನಿಮಿಷದ ಮೇಲೆ ಕೆಸರು ನಿಂತ ಮಿಲಿಲೀಟರ್ ಗೆರೆ, ಎಸ್‌ವಿಐ ಎಂದರೆ ಒಂದು ಗ್ರಾಂ ಕೆಸರು ಹಿಡಿಯುವ ಜಾಗ ಮಿಲಿಲೀಟರಿನಲ್ಲಿ.

SVI = SV30 × 1000 / MLSS

ಎಂಎಲ್‌ಎಸ್‌ಎಸ್ ಲೀಟರಿಗೆ 2500 ಮಿಲಿಗ್ರಾಂ ಇದ್ದರೆ ಎಸ್‌ವಿಐ 240. ಸಾಧಾರಣವಾಗಿ 50ರಿಂದ 150 ಒಳ್ಳೆಯದು, ಆದ್ದರಿಂದ ಇದು ಬಲ್ಕಿಂಗ್ ಹೌದು. ಅದೇ 600, ಎಂಎಲ್‌ಎಸ್‌ಎಸ್ 5000 ಇದ್ದರೆ 120. ಕೆಸರಿನ ಗುಣ ಚೆನ್ನಾಗಿದೆ, ಪ್ರಮಾಣ ಹೆಚ್ಚಾಗಿದೆ. ಹೊರಹಾಕುವ ಕೆಸರನ್ನು ಹೆಚ್ಚಿಸಿದರೆ ಸರಿಹೋಗುತ್ತದೆ.

ಎಂಎಲ್‌ಎಸ್‌ಎಸ್ ವರದಿ ಇನ್ನೂ ಬಂದಿಲ್ಲ ಎಂದರೆ? ಇದು ಎರಡನೆಯ ಏಟು. ಆಗ ಅದೇ ಮಾದರಿಗೆ ಸಮಪಾಲು ಕ್ಲಾರಿಫೈಯರಿನ ತಿಳಿನೀರು ಬೆರೆಸಿ ಮತ್ತೆ 30 ನಿಮಿಷ ಬಿಡಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಬೆರೆಸಿದ ಮೇಲೆ ಸರಸರನೆ ಕೂತರೆ ದೋಷ ಕೆಸರಿನ ಸಾಂದ್ರತೆಯದು. ಆಗಲೂ ಹತ್ತಿಯ ಹಾಗೆ ಉಬ್ಬಿ ನಿಂತಿದ್ದರೆ ದೋಷ ತಂತು ಬ್ಯಾಕ್ಟೀರಿಯಾದ್ದು. ಫ್ಲಾಕ್‌ಗಳಿಂದ, ಅಂದರೆ ಬ್ಯಾಕ್ಟೀರಿಯಾದ ಮುದ್ದೆಗಳಿಂದ, ಹೊರಚಾಚಿದ ಎಳೆಗಳು ಆ ಮುದ್ದೆಗಳನ್ನು ಒಂದಕ್ಕೊಂದು ಹತ್ತಿರವಾಗಲು ಬಿಡುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಆ ಎಳೆಗಳು ಕಾಣುತ್ತವೆ.

ಬಲ್ಕಿಂಗ್ ಆದರೆ ಪ್ಲಾಂಟಿಗೆ ನಷ್ಟವೇನು ಎಂಬುದು ಮುಂದಿನ ಪ್ರಶ್ನೆ. ‘ನೀರು ಕೊಳಕಾಗುತ್ತದೆ’ ಎಂದು ಜಾರಿಕೊಳ್ಳಬೇಡಿ, ಲೆಕ್ಕ ಹೇಳಿ. ರಿಟರ್ನ್ ಸ್ಲಡ್ಜಿನ ಅನುಪಾತ:

R = SV30 / (1000 − SV30)

300 ಬಂದಾಗ 0.43, ಅಂದರೆ ಒಳಬರುವ ನೀರಿನ ಶೇ. 43ರಷ್ಟು ಕೆಸರನ್ನು ಹಿಂದಕ್ಕೆ ಪಂಪ್ ಮಾಡಿದರೆ ಆಯಿತು. 600 ಬಂದಾಗ 1.5, ಶೇ. 150. ಅಷ್ಟು ಎಳೆಯುವ ಪಂಪು ಎಷ್ಟೋ ಕಡೆ ಇರುವುದಿಲ್ಲ. ಕೆಸರಿನ ಹೊದಿಕೆ ಕ್ಲಾರಿಫೈಯರಿನಲ್ಲಿ ಏರುತ್ತಾ ಏರುತ್ತಾ, ತಿಳಿನೀರು ಹೊರಬೀಳುವ ಅಂಚಾದ ವಿಯರ್ ದಾಟುತ್ತದೆ.

ಕಾರಣಕ್ಕೆ ಬಂದರೆ ಗಾಳಿಯನ್ನೇ ಮೊದಲು ಹೇಳಿ: ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 1ರಿಂದ 2 ಮಿಲಿಗ್ರಾಂಗಿಂತ ಕೆಳಗೇ ಉಳಿದರೆ ತಂತುಗಳಿಗೆ ಅನುಕೂಲ. ಆಹಾರ ತೀರಾ ಕಡಿಮೆಯಾದರೂ, ಹಳಸಿ ಸಲ್ಫೈಡ್ ಸೇರಿದ ಕೊಳಚೆ ಬಂದರೂ, ಸಾರಜನಕ–ರಂಜಕ ಸಾಲದ ಕಾರ್ಖಾನೆ ನೀರು ಬಂದರೂ ಹೀಗಾಗುತ್ತದೆ. ಮನೆಗಳ ಕೊಳಚೆಯಲ್ಲಿ ಸಾರಜನಕದ ಕೊರತೆ ಅಪರೂಪ. ಪಿಂಪ್ರಿ–ಚಿಂಚವಾಡದಂಥ ಕೈಗಾರಿಕಾ ಪ್ರದೇಶದ ಉದಾಹರಣೆ ಕೊಟ್ಟು ಕೇಳಿದರೆ ಮಾತ್ರ ಅದನ್ನು ಎತ್ತಿ.

ಇನ್ನು ನನಗೆ ತುಂಬ ಇಷ್ಟದ ಮರುಪ್ರಶ್ನೆ: ಸಿಲಿಂಡರಿನಲ್ಲಿ 30 ನಿಮಿಷಕ್ಕೆ ಕೆಸರು ಚೊಕ್ಕಟವಾಗಿ ಕೂತಿತು, ಆದರೂ ಕ್ಲಾರಿಫೈಯರಿನಲ್ಲಿ ತೇಲುತ್ತಿದೆ. ಸಿಲಿಂಡರನ್ನು ಖಾಲಿ ಮಾಡದೆ ಇನ್ನೆರಡು ಗಂಟೆ ಬಿಡಿ. ಗುಳ್ಳೆ ಹಿಡಿದುಕೊಂಡು ಕೆಸರು ಮುದ್ದೆಮುದ್ದೆಯಾಗಿ ಮೇಲೆದ್ದರೆ ಅದು ರೈಸಿಂಗ್ ಸ್ಲಡ್ಜ್. ತಳದಲ್ಲಿ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸುತ್ತಿದೆ. ಕೆಸರನ್ನು ತಳದಲ್ಲಿ ಹೆಚ್ಚು ಹೊತ್ತು ಬಿಡದೆ ಬೇಗ ರಿಟರ್ನ್ ಮಾಡಬೇಕು, ಕೆಸರಿನ ವಯಸ್ಸು ಇಳಿಸಬೇಕು. ‘ಗಾಳಿ ಹೆಚ್ಚಿಸಲೇ?’ ಎಂದು ಎಕ್ಸಾಮಿನರ್ ಮೆಲ್ಲಗೆ ಕೇಳುತ್ತಾರೆ. ತಲೆಯಾಡಿಸಬೇಡಿ, ಅದರಿಂದ ಇನ್ನಷ್ಟು ನೈಟ್ರೇಟ್ ಆಗಬಹುದು. ಗಾಳಿ ಕಡಿಮೆಯಾಗಿ ಬಂದ ಬಲ್ಕಿಂಗಿಗೆ ಮಾತ್ರ ಆ ಮದ್ದು.

ಎರಡು ಗಂಟೆಯ ಮೇಲೂ ಸಿಲಿಂಡರಿನಲ್ಲಿ ಏನೂ ಏಳಲಿಲ್ಲವೇ? ಹಾಗಾದರೆ ತಪ್ಪು ಬಹುಶಃ ಕೆಸರಿನದಲ್ಲ. ಜುಲೈ ಮಳೆಯಲ್ಲಿ ಚರಂಡಿಗೆ ಮಳೆನೀರು ನುಗ್ಗಿ ಹರಿವು ಜಾಸ್ತಿಯಾಗಿರಬಹುದು, ಇಲ್ಲವೇ ವಿಯರ್ ಓರೆಯಾಗಿ ನೀರೆಲ್ಲ ಒಂದೇ ಕಡೆಯಿಂದ ಧುಮುಕುತ್ತಿರಬಹುದು. ಕ್ಲಾರಿಫೈಯರಿನ ಸುತ್ತ ಒಂದು ಸುತ್ತು ಹಾಕಿದರೆ ಓರೆ ವಿಯರ್ ಕಣ್ಣಿಗೇ ಬೀಳುತ್ತದೆ.

ಕೊನೆಗೆ ‘ರಿಟರ್ನ್ ಸ್ಲಡ್ಜಿಗೆ ಕ್ಲೋರಿನ್ ಹಾಕಿದರೆ ಉಪಯೋಗಿ ಬ್ಯಾಕ್ಟೀರಿಯಾವೂ ಸಾಯುವುದಿಲ್ಲವೇ?’ ಎಂದು ಕೇಳಬಹುದು. ಎಳೆಗಳು ಫ್ಲಾಕಿನ ಹೊರಗೆ ಚಾಚಿರುವುದರಿಂದ ಪೆಟ್ಟು ಮೊದಲು ಅವಕ್ಕೇ ಬೀಳುತ್ತದೆ, ಒಳಗಿನವು ಬಹುಪಾಲು ಉಳಿಯುತ್ತವೆ. ಪ್ರಮಾಣ ಮೀರಿದರೆ ಫ್ಲಾಕೇ ಒಡೆದು ಹೊರಬರುವ ನೀರು ಹಾಲಿನಂತೆ ಮಸುಕಾಗುತ್ತದೆ. ಗಾಳಿಯ ಕೊರತೆ ಹಾಗೇ ಇದ್ದರೆ ಕ್ಲೋರಿನ್ ನಿಲ್ಲಿಸಿದ ಮೇಲೆ ಎಳೆಗಳು ಮತ್ತೆ ಬರುತ್ತವೆ ಎಂಬುದನ್ನೂ ಸೇರಿಸಿ ಹೇಳಿ.