ಜೀರೋ ಪರ್ಸೆಂಟ್ ಇಎಂಐ: ಬಿಟ್ಟುಕೊಟ್ಟ ಡಿಸ್ಕೌಂಟೇ ಅದರ ಬಡ್ಡಿ

ಪ್ರಶ್ನೆ: ಫ್ರಿಜ್ ತಗೋಬೇಕು, ದುಡ್ಡು ಕೈಯಲ್ಲಿದೆ. ಅಂಗಡಿಯಲ್ಲಿ 12 ತಿಂಗಳ ಜೀರೋ ಪರ್ಸೆಂಟ್ ಇಎಂಐ ಇದೆ. ಬಡ್ಡಿಯೇ ಇಲ್ಲ ಅಂದಮೇಲೆ ದುಡ್ಡನ್ನು ಬ್ಯಾಂಕಲ್ಲೇ ಬಿಟ್ಟು ಕಂತಲ್ಲಿ ತಗೊಳ್ಳೋದೇ ಲಾಭ ಅಲ್ವಾ?

ಅಲ್ಲ. ಕಳೆದ ವರ್ಷ ದಸರಾ ಆಫರ್ ಸಮಯದಲ್ಲಿ ನಾನೂ ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ದಾವಣಗೆರೆಯ ಒಂದು ಶೋರೂಮಿಗೆ ಹೋದೆ. ಡಬಲ್ ಡೋರ್ ಫ್ರಿಜ್ ಒಂದು ಮನೆಯವರಿಗೂ ಹಿಡಿಸಿತು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ 36,000 ರೂಪಾಯಿ ಅಂತಿತ್ತು. ನಾನು ಬಾಯಿಬಿಟ್ಟು ಕೇಳಿದ ಮೊದಲ ಮಾತೇ "ಇದಕ್ಕೆ ಜೀರೋ ಇಎಂಐ ಇದೆಯಾ?" ಅಂತ.

"ಇದೆ ಸಾರ್, ಬನ್ನಿ ಕೂತ್ಕೊಳ್ಳಿ" ಅಂತ ಸೇಲ್ಸ್ ಹುಡುಗ ನೇರ ಫೈನಾನ್ಸ್‌ನವರ ಟೇಬಲ್ಲಿಗೆ ಕರೆದುಕೊಂಡು ಹೋದ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್, ಮೊಬೈಲಿಗೆ ಒಂದಾದ ಮೇಲೊಂದು ಓಟಿಪಿ. ತಿಂಗಳಿಗೆ 3,000, ಹನ್ನೆರಡು ಕಂತು, ಒಟ್ಟು 36,000. ಫೈಲ್ ಚಾರ್ಜ್ 599, ಅದರ ಮೇಲೆ 18% ಜಿಎಸ್‌ಟಿ ಸೇರಿ 707. ಅಷ್ಟೇ ತಾನೇ ಅಂದುಕೊಂಡು ಸಹಿ ಹಾಕಿದೆ.

ಅದೇ ವಾರ ನಮ್ಮ ಭಾವ ಅದೇ ಅಂಗಡಿಯಲ್ಲಿ ಅದೇ ಫ್ರಿಜ್ ತಗೊಂಡರು. ಅವರಿಗೆ ಕಂತು ಗಿಂತು ಆಗಿಬರುವುದಿಲ್ಲ, ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರು. ಎರಡೂ ಬಿಲ್ಲನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಮಾಡೆಲ್ ನಂಬರ್ ಅಕ್ಷರಕ್ಷರ ಒಂದೇ. ನನ್ನ ಬಿಲ್ಲಿನ ಕೆಳಗೆ ಫೈನಾನ್ಸ್ ಕಂಪನಿಯ ಹೆಸರು, ಅವರದೊಂದು ನಂಬರ್, ಒಟ್ಟು 36,000. ಭಾವನ ಬಿಲ್ಲಿನಲ್ಲಿ ಆ ಸಾಲು ಖಾಲಿ, ಒಟ್ಟು 33,600.

ನನಗೆ ನಷ್ಟವಾಗಿದ್ದು ಎಲ್ಲಿ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅಲ್ಲೇ ನಿಂತಿದ್ದೀರಿ. ಇಎಂಐ ತಗೊಂಡಿದ್ದು ತಪ್ಪಲ್ಲ. ಕ್ಯಾಶ್ ರೇಟ್ ಎಷ್ಟು ಅಂತ ಕೇಳುವುದಕ್ಕೆ ಮೊದಲೇ ಇಎಂಐ ಅಂದಿದ್ದು ತಪ್ಪು. ಆ ಮಾತು ಬಾಯಿಂದ ಬಂದ ಕ್ಷಣವೇ ಚೌಕಾಸಿಯ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ನನ್ನ ಎದುರಿಗಿದ್ದದ್ದು ತಿಂಗಳಿಗೆ 3,000 ಅನ್ನುವ ಒಂದೇ ಅಂಕಿ. ಫ್ರಿಜ್ಜಿನ ಬೆಲೆ ಇಳಿಯುತ್ತದಾ ಅನ್ನುವ ಪ್ರಶ್ನೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚೀಟಿಯ ಮೇಲಿನ ಬೆಲೆ ಅಂಗಡಿಯವನು ಮಾತು ಶುರುಮಾಡುವ ಬೆಲೆ, ಕೊಡುವ ಬೆಲೆಯಲ್ಲ ಅನ್ನೋದು ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೂ ಬಡ್ಡಿ ಇಲ್ಲ ಅಂತ ಕಿವಿಗೆ ಬಿದ್ದ ಮೇಲೆ ಬೆಲೆಯ ಕಡೆ ಗಮನ ಹೋಗಲೇ ಇಲ್ಲ.

ಅಂಗಡಿಗೆ ವಾಪಸ್ ಹೋಗಿ ಮ್ಯಾನೇಜರ್‌ನ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಸಾರ್, ಫೈನಾನ್ಸ್‌ನವರು ನಮಗೆ ಪೂರ್ತಿ 36,000 ಹಾಕಲ್ಲ, ಅವರ ಪಾಲು ಮುರ್ಕೊಂಡೇ ಹಾಕ್ತಾರೆ. ನಿಮಗೂ ಡಿಸ್ಕೌಂಟ್ ಕೊಟ್ರೆ ಅದನ್ನ ನಾವೆಲ್ಲಿಂದ ತರೋಣ?" ಅಂದರು. ನ್ಯಾಯವಾದ ಮಾತೇ. ಸಾಲ ಕೊಟ್ಟವನಿಗೆ ಬಡ್ಡಿ ಬಂದೇ ಬರುತ್ತದೆ. ಅದನ್ನು ನನ್ನ ಹೆಸರಿನಲ್ಲಿ ಅಂಗಡಿಯವನು ಕಟ್ಟುತ್ತಾನೆ, ಕಟ್ಟುವ ದುಡ್ಡು ನನಗೆ ಸಿಗಬೇಕಿದ್ದ ಡಿಸ್ಕೌಂಟಿನದ್ದು. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಸೊನ್ನೆ ಬಡ್ಡಿ ಅನ್ನುವ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಅಂತ ಹೇಳಿತ್ತು.

ಈಗ ಲೆಕ್ಕಕ್ಕೆ ಬನ್ನಿ. ಫ್ರಿಜ್ಜಿನ ನಿಜವಾದ ಬೆಲೆ 33,600. ನಾನು ಅವತ್ತೇ ಕೈಯಿಂದ ಕೊಟ್ಟ ಫೈಲ್ ಚಾರ್ಜ್ 707 ಕಳೆದರೆ ನನಗೆ ನಿಜಕ್ಕೂ ಸಿಕ್ಕ ಸಾಲ 32,893. ತೀರಿಸುವುದು 36,000. ಹೆಚ್ಚಿಗೆ ಹೋದದ್ದು 3,107. ಇದನ್ನು ನೋಡಿ "ಒಂಬತ್ತು ಪರ್ಸೆಂಟ್ ಚಿಲ್ಲರೆ, ಪರವಾಗಿಲ್ಲ" ಅಂತ ಅನ್ನಿಸಬಹುದು. ಅದು ಸರಿಯಲ್ಲ. ಆ ಸಾಲ ವರ್ಷಪೂರ್ತಿ ನನ್ನ ಹತ್ತಿರ ಇರುವುದಿಲ್ಲ, ಪ್ರತಿ ತಿಂಗಳು 3,000 ವಾಪಸ್ ಹೋಗುತ್ತಾ ಇರುತ್ತದೆ. ಸರಾಸರಿ ನೋಡಿದರೆ ಅರ್ಧದಷ್ಟು ದುಡ್ಡು ಮಾತ್ರ ನನ್ನ ಬಳಕೆಗೆ ಸಿಕ್ಕಿದ್ದು. ಹಾಗಾಗಿ ಬಡ್ಡಿದರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೊಬೈಲಿನಲ್ಲಿ ಯಾವ ಸ್ಪ್ರೆಡ್‌ಶೀಟ್ ಇದ್ದರೂ ಒಂದು ಚೌಕದಲ್ಲಿ ಇದನ್ನು ಟೈಪ್ ಮಾಡಿ:

```
=RATE(12,-3000,32893)*12
```

0.17 ಬರುತ್ತದೆ, ಅಂದರೆ ವರ್ಷಕ್ಕೆ 17%. ಇದನ್ನೇ ನನಗೆ ಜೀರೋ ಅಂತ ಕೊಟ್ಟಿದ್ದು.

ದುಡ್ಡು ಬ್ಯಾಂಕಲ್ಲೇ ಇರಲಿ ಅನ್ನುವ ನಿಮ್ಮ ಯೋಚನೆಯನ್ನೂ ಹೀಗೇ ಒರೆಗೆ ಹಚ್ಚೋಣ. ಫ್ರಿಜ್ಜಿಗೆ ಕೊಡಬೇಕಿದ್ದ 33,600ನ್ನು ಬ್ಯಾಂಕಿನಲ್ಲಿ ಬಿಟ್ಟಿರಿ, ಧಾರಾಳವಾಗಿ 7% ಬಡ್ಡಿ ಹಿಡಿಯೋಣ. ತಿಂಗಳಿಗೆ 3,000 ತೆಗೆಯುತ್ತಾ ಹೋದರೆ ವರ್ಷಕ್ಕೆ ಬರುವ ಬಡ್ಡಿ ಹತ್ತಿರ ಹತ್ತಿರ 1,200. ಅಲ್ಲಿಗೆ 34,800. ನೀವು ಕಟ್ಟಬೇಕಾದದ್ದು ಫೈಲ್ ಚಾರ್ಜ್ ಸೇರಿ 36,707. ಕೊನೆಯ ಕಂತಿನ ಹೊತ್ತಿಗೆ ಆ ದುಡ್ಡು ಸಾಲುವುದಿಲ್ಲ, 1,900 ರೂಪಾಯಿ ಬೇರೆ ಕಡೆಯಿಂದ ತರಬೇಕು. ಅದೂ ತಿಂಗಳು ತಿಂಗಳು ತೆಗೆಯಬೇಕಾದ ದುಡ್ಡಿಗೆ ಎಫ್‌ಡಿಯ ಬಡ್ಡಿ ಸಿಗುತ್ತದೆ ಅಂತ ಇಟ್ಟುಕೊಂಡರೆ. ಎಸ್‌ಬಿ ಖಾತೆಯಲ್ಲಾದರೆ ಇನ್ನೂ ಕಡಿಮೆ.

ಇನ್ನೊಂದು ಕಡೆ ಎಚ್ಚರ ಬೇಕು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಕೆಎಫ್‌ಎಸ್ ಅನ್ನುವ ಚೀಟಿ ಕೊಡುವುದು ಕಡ್ಡಾಯವಾಗಿದೆ, ಅದರಲ್ಲಿ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಇರುತ್ತದೆ. ಒಳ್ಳೆಯ ನಿಯಮ, ಆ ಚೀಟಿಯನ್ನು ಖಂಡಿತ ಓದಿ. ಆದರೆ ನಾನು ಕಳಕೊಂಡ ಡಿಸ್ಕೌಂಟ್ ಅದರಲ್ಲಿ ಕಾಣುವುದಿಲ್ಲ. ಅವರ ಲೆಕ್ಕ ಶುರುವಾಗುವುದೇ 36,000ದಿಂದ, ಹಾಗಾಗಿ ಫೈಲ್ ಚಾರ್ಜ್ ಒಂದೇ ವೆಚ್ಚವಾಗಿ ದರ 3.7%ರ ಆಸುಪಾಸು ಬರುತ್ತದೆ. 33,600 ಅನ್ನುವ ಅಂಕಿ ಯಾವ ಕಾಗದದಲ್ಲೂ ಇಲ್ಲ. ಅದನ್ನು ನೀವೇ ಕೇಳಿ ತಿಳಿಯಬೇಕು.

"ಅಡ್ವಾನ್ಸ್ ಇಎಂಐ" ಅಂದರೆ ಇನ್ನೂ ಜೋಪಾನ. 12/4 ಸ್ಕೀಮ್ ಅಂದರೆ ಹನ್ನೆರಡು ಕಂತಿನಲ್ಲಿ ನಾಲ್ಕನ್ನು ಅವತ್ತೇ ಕಟ್ಟಿ, ಉಳಿದ ಎಂಟನ್ನು ತಿಂಗಳು ತಿಂಗಳು ಕಟ್ಟುವುದು. ಸಾಲ ಬೇಗ ತೀರುತ್ತದೆ, ಒಳ್ಳೆಯದೇ ಅಂತ ಅನ್ನಿಸುತ್ತದೆ. ಇದೇ ಫ್ರಿಜ್ಜಿಗೆ ಹಾಕಿ ನೋಡಿ. ಅವತ್ತೇ 12,000 ಕೊಟ್ಟ ಮೇಲೆ ಸಿಕ್ಕ ಸಾಲ 20,893 ಮಾತ್ರ, ಆದರೆ ಕಳಕೊಂಡದ್ದು ಅದೇ 3,107. ಸಾಲ ಚಿಕ್ಕದಾಯಿತು, ಅವಧಿ ಎಂಟು ತಿಂಗಳಿಗೆ ಇಳಿಯಿತು, ವೆಚ್ಚ ಒಂದು ರೂಪಾಯಿಯೂ ಇಳಿಯಲಿಲ್ಲ:

```
=RATE(8,-3000,20893)*12
```

ಇದಕ್ಕೆ 0.38 ಬರುತ್ತದೆ. ವರ್ಷಕ್ಕೆ 38%. ನನ್ನ ಪ್ರಕಾರ ಕೈಯಲ್ಲಿ ಅಷ್ಟು ಮುಂಗಡ ಕೊಡುವ ಶಕ್ತಿ ಇರುವವರು ಈ ಸ್ಕೀಮಿನ ಹತ್ತಿರವೂ ಸುಳಿಯಬಾರದು.

ಹಾಗಂತ ಎಲ್ಲ ಜೀರೋ ಇಎಂಐಯೂ ಹೀಗೇ ಅಂತ ಹೇಳಲಾರೆ. ಕೆಲವು ಬ್ರ್ಯಾಂಡುಗಳಲ್ಲಿ ಕಂಪನಿಯೇ ಬಡ್ಡಿ ಹೊರುತ್ತದೆ, ಕ್ಯಾಶ್ ಕೊಟ್ಟರೂ ಅಂಗಡಿಯವನು ಒಂದು ರೂಪಾಯಿ ಬಿಡುವುದಿಲ್ಲ. ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿದರೂ ಕ್ಯಾಶ್ ರೇಟ್ ಇಳಿಯದೆ, ಫೈಲ್ ಚಾರ್ಜೂ ಇಲ್ಲದೆ ಇದ್ದರೆ ಅದು ನಿಜಕ್ಕೂ ಬಡ್ಡಿಯಿಲ್ಲದ ಸಾಲ, ಧೈರ್ಯವಾಗಿ ತಗೊಳ್ಳಿ. ಆನ್‌ಲೈನಿನಲ್ಲಿ ಕ್ರೆಡಿಟ್ ಕಾರ್ಡ್ ಮೇಲೆ ನೋ ಕಾಸ್ಟ್ ಇಎಂಐ ತಗೊಂಡರೆ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನು ಮಾರುವವರು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮಾತ್ರ ನಮ್ಮ ತಲೆಗೇ ಬರುತ್ತದೆ. ಕೆಲವೊಮ್ಮೆ ಅಲ್ಲಿ ಇಎಂಐ ಮಾಡಿದವರಿಗೇ ಹೆಚ್ಚು ಡಿಸ್ಕೌಂಟ್ ಇರುವುದೂ ಉಂಟು, ಆಗ ಲೆಕ್ಕ ತಿರುವುಮುರುವಾಗುತ್ತದೆ.

ಅಂಗಡಿಗೆ ಹೋದಾಗ ಇಎಂಐ ಪದ ಎತ್ತಬೇಡಿ. "ಈಗಲೇ ಪೂರ್ತಿ ದುಡ್ಡು ಕೊಡ್ತೀನಿ, ಯುಪಿಐ ಮಾಡ್ತೀನಿ, ಕೊನೆ ರೇಟ್ ಹೇಳಿ" ಅನ್ನಿ. ಹೇಳಿದ ರೇಟನ್ನು ಮಾಡೆಲ್ ನಂಬರ್ ಸಮೇತ ಕೊಟೇಷನ್ ಚೀಟಿಯಲ್ಲಿ ಬರೆಸಿಕೊಂಡು ಇನ್ನೊಂದು ಅಂಗಡಿಗೂ ತೋರಿಸಿ. ಇಷ್ಟಾದ ಮೇಲೆ "ಇದೇ ರೇಟಿಗೆ ಇಎಂಐ ಮಾಡಿಕೊಡ್ತೀರಾ?" ಅಂತ ಕೇಳಿ. ಅವರು ಏರಿಸಿದ ಬೆಲೆಯೂ ಫೈಲ್ ಚಾರ್ಜೂ ಸೇರಿದರೆ ಅದೇ ನಿಮ್ಮ ಬಡ್ಡಿ. ನಿಮ್ಮ ಕೈಯಲ್ಲಿ ದುಡ್ಡಿದೆ ಅಂತ ನೀವೇ ಬರೆದಿದ್ದೀರಿ, ಹಾಗಿದ್ದಾಗ 17% ಕೊಟ್ಟು ಸಾಲ ಮಾಡುವ ಅಗತ್ಯ ನಿಮಗೆ ಏನೂ ಇಲ್ಲ. ದುಡ್ಡೇ ಇಲ್ಲ, ಮನೆಗೆ ಫ್ರಿಜ್ ಬೇಕೇ ಬೇಕು ಅನ್ನುವವರ ಮಾತು ಬೇರೆ. ಅವರೂ ದರ ಎಷ್ಟು ಅಂತ ತಿಳಿದು ತಗೊಳ್ಳಲಿ.

ಈಗಾಗಲೇ ತಗೊಂಡವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ವಿಷಯ ಗೊತ್ತಾದಾಗ ನಮ್ಮ ತಂದೆ "ದರಿದ್ರ ಸಾಲ, ಇವತ್ತೇ ಪೂರ್ತಿ ಕಟ್ಟಿಬಿಡು" ಅಂದರು. ಬೇರೆ ಸಾಲವಾಗಿದ್ದರೆ ಸರಿಯಾದ ಸಲಹೆಯೇ. ಇಲ್ಲಿ ಬಡ್ಡಿಯನ್ನು ಮೊದಲ ದಿನವೇ ಬೆಲೆಯ ರೂಪದಲ್ಲಿ ಪೂರ್ತಿ ಕೊಟ್ಟಾಗಿದೆ, ಬೇಗ ಮುಗಿಸಿದರೂ ಅದರಲ್ಲಿ ನಯಾಪೈಸೆ ವಾಪಸ್ ಬರುವುದಿಲ್ಲ. ಬಡ್ಡಿ ಕೊಟ್ಟಾದ ಮೇಲೆ ಸಾಲವನ್ನಾದರೂ ಪೂರ್ತಿ ಅವಧಿಗೆ ಬಳಸಿಕೊಳ್ಳುವುದೇ ಸರಿ. ಹಾಗಾಗಿ ಖಾತೆಯಲ್ಲಿ ಕಂತಿನ ತಾರೀಖಿಗೆ ಮೊದಲೇ 3,000 ಇರುವ ಹಾಗೆ ನೋಡಿಕೊಂಡು, ಚೆಕ್ ಬೌನ್ಸ್ ಥರದ ದಂಡ ಬೀಳದಂತೆ ಹನ್ನೆರಡೂ ಕಂತನ್ನು ಹಾಗೇ ಹೋಗಲು ಬಿಟ್ಟೆ.